ಒಂದೇ ಛತ್ರ, ನಾಲ್ಕು ಮಾತು

ಮಧ್ಯಾಹ್ನ ಎರಡೂಕಾಲಿಗೆ ಹೆಣ್ಣಿನ ಕಡೆಯವರ ಲಾರಿ ಛತ್ರದ ಗೇಟಿಗೆ ಬಂದು ನಿಂತಿತು. ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಬಾಳೆಎಲೆ ಕಟ್ಟು, ಹೂವಿನವರ ಸಾಮಾನು. ಒಳಗೆ ಹಿಂದಿನ ಮದುವೆಯ ಕೊನೆಯ ಪಂಕ್ತಿ ಇನ್ನೂ ಎದ್ದಿರಲಿಲ್ಲ. ಮ್ಯಾನೇಜರ್ ಓಡಿಬಂದು, "ನಾಲ್ಕು ಗಂಟೆಗಲ್ವಾ ಯಜಮಾನ್ರೇ ಛತ್ರ ಕೊಡೋದು? ರಸೀದಿ ಹಿಂದೇನೇ ಬರೆದಿದೆಯಲ್ಲ" ಅಂದರು. ಹುಡುಗಿಯ ತಂದೆ ಜೇಬಿನಿಂದ ಫೋನ್ ತೆಗೆದು ತೋರಿಸಿದರು. "ನೋಡಿ ಸ್ವಾಮಿ, ಇದು ನಿಮ್ಮದೇ ಫೇಸ್‌ಬುಕ್ಕು. ಹಿಂದಿನ ದಿನ ಎರಡು ಗಂಟೆಯಿಂದ ಅಂತ ನೀವೇ ಹಾಕಿದ್ದೀರ. ಇದನ್ನ ನೋಡ್ಕೊಂಡೇ ನಾನು ಅಡುಗೆಯವರಿಗೆ ಹೇಳಿದ್ದು."

ಇಬ್ಬರ ಮಾತೂ ಸುಳ್ಳಲ್ಲ. ರಸೀದಿಯಲ್ಲಿ ನಾಲ್ಕು ಎಂದಿತ್ತು, ಫೇಸ್‌ಬುಕ್ಕಿನಲ್ಲಿ ಎರಡು ಎಂದಿತ್ತು. ಎರಡನ್ನೂ ಬರೆಸಿದ್ದು ಅದೇ ಛತ್ರದವರು. ಅಡುಗೆಯವರು ಒಲೆ ಹೂಡಲು ಜಾಗವಿಲ್ಲದೆ ಮರದ ಕೆಳಗೆ ಕೂತರು. ವರಪೂಜೆಯ ಹೊತ್ತಿಗೆ ತಿಂಡಿ ಸಿದ್ಧವಾಗಲಿಲ್ಲ, ಹೋಟೆಲಿನಿಂದ ತರಿಸಬೇಕಾಯಿತು. ಬೀಗರ ಎದುರು ಆ ತಂದೆಗೆ ಆದ ಮುಜುಗರಕ್ಕೆ ಯಾವ ರಿಯಾಯಿತಿಯೂ ಸಮವಲ್ಲ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಈ ಛತ್ರದ ಮಾಲೀಕರು ಇದಾಗಿ ಎರಡು ವಾರಕ್ಕೆ ನನಗೆ ಫೋನ್ ಮಾಡಿದರು. ವ್ಯಾಪಾರದವರು ತಮ್ಮ ಬಗ್ಗೆ ಬರೆಸಿಕೊಂಡದ್ದನ್ನೆಲ್ಲ ಒಟ್ಟುಮಾಡಿ, ಯಾವುದು ಹಳತಾಗಿದೆ, ಯಾವುದು ಎರಡೆರಡು ಕಡೆ ಇದೆ, ಯಾವುದು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಹುಡುಕಿಕೊಡುವುದು ನನ್ನ ಕೆಲಸ. ಲೆಕ್ಕಪತ್ರಕ್ಕೆ ಆಡಿಟ್ ಇರುವಂತೆ ಇದು ಮಾತಿಗೆ ಆಡಿಟ್. "ಹೊಸ ಬ್ರೋಷರ್ ಒಂದು ಮಾಡಿಕೊಟ್ಟುಬಿಡಿ, ಎಲ್ಲ ಸರಿಹೋಗುತ್ತೆ" ಎಂದರು ಮಾಲೀಕರು. ಹೊಸ ಬ್ರೋಷರ್ ಮಾಡಿದರೆ ಐದನೆಯ ಮಾತೊಂದು ಹುಟ್ಟಿಕೊಳ್ಳುತ್ತದೆಯೇ ಹೊರತು ಹಳೆಯ ನಾಲ್ಕು ಸಾಯುವುದಿಲ್ಲ. ಮೊದಲು ಇರುವುದನ್ನೆಲ್ಲ ನೋಡೋಣ ಎಂದೆ.

ಇರುವುದೆಲ್ಲ ಎಷ್ಟು ಎಂಬುದೇ ಮೊದಲ ಪ್ರಶ್ನೆ. ನಮ್ಮ ವೆಬ್‌ಸೈಟಿನಲ್ಲಿ ಎಂಟು ಪುಟ ಇದೆ ಎಂದಿದ್ದರು ಅವರು. ಮೆನುವಿನಲ್ಲಿ ಕಾಣುವುದು ಎಂಟೇ. ಆದರೆ ಮೆನುವಿನಿಂದ ತೆಗೆದ ಪುಟ ಅಳಿಸಿಹೋಗಿರುವುದಿಲ್ಲ, ದಾರಿ ಮುಚ್ಚಿದ ಕೋಣೆಯಂತೆ ಅಲ್ಲೇ ಇರುತ್ತದೆ. ಗೂಗಲ್‌ಗೆ ಆ ದಾರಿ ಗೊತ್ತಿರುತ್ತದೆ. ವೆಬ್‌ಸೈಟ್ ವಿಳಾಸದ ಕೊನೆಗೆ /sitemap.xml ಎಂದು ಸೇರಿಸಿದರೆ, ಬಹುತೇಕ ಸೈಟುಗಳಲ್ಲಿ ಗೂಗಲ್‌ನಂಥ ಹುಡುಕುಯಂತ್ರಗಳಿಗೆಂದು ಇಟ್ಟಿರುವ ಪುಟಗಳ ಪಟ್ಟಿ ಸಿಗುತ್ತದೆ. ಇಲ್ಲಿ 41 ಪುಟಗಳಿದ್ದವು. ಅಲ್ಲಿಗೂ ಮುಗಿಯಲಿಲ್ಲ. ಗೂಗಲ್‌ನಲ್ಲಿ ಹೀಗೆ ಹುಡುಕಿದೆ:

```
site:example.com filetype:pdf
```

(example.com ಇರುವಲ್ಲಿ ನಿಮ್ಮ ಸೈಟಿನ ಹೆಸರು ಹಾಕಬೇಕು.) ಆ ಸೈಟಿನಲ್ಲಿ ಕೂತಿರುವ ಪಿಡಿಎಫ್‌ಗಳಲ್ಲಿ ಗೂಗಲ್‌ಗೆ ಗೊತ್ತಿರುವವು ಹೊರಬಂದವು. ಮೂರು ಬ್ರೋಷರ್, ಮೂರು ದರ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟುಗಳಲ್ಲಿ ಇದು ತೀರ ಸಾಮಾನ್ಯ. ಅಲ್ಲಿ ಹೊಸ ಫೈಲ್ ಹಾಕಿದರೆ ಹಳೆಯದು ತಾನಾಗಿ ಹೋಗುವುದಿಲ್ಲ. ವರ್ಷ ಮತ್ತು ತಿಂಗಳಿನ ಹೆಸರಿನ ಫೋಲ್ಡರಿನಲ್ಲಿ ಹಾಗೇ ಉಳಿಯುತ್ತದೆ. ಅದರಿಂದ ನನಗೊಂದು ಅನುಕೂಲವೂ ಆಯಿತು. ವಿಳಾಸದಲ್ಲಿ 2017/03 ಎಂದಿದ್ದರೆ ಆ ಬ್ರೋಷರ್ ಸೈಟಿಗೆ ಬಂದದ್ದು ಯಾವಾಗ ಎಂದು ಯಾರನ್ನೂ ಕೇಳಬೇಕಿಲ್ಲ.

ವೆಬ್‌ಸೈಟ್ ಬಿಟ್ಟು ಉಳಿದದ್ದಕ್ಕೆ ಕಂಪ್ಯೂಟರ್ ಸಾಲದು, ಓಡಾಡಬೇಕು. ಫೇಸ್‌ಬುಕ್ಕಿನಲ್ಲಿ ಇದೇ ಛತ್ರದ ಹೆಸರಿನಲ್ಲಿ ಮೂರು ಪುಟ ಸಿಕ್ಕವು. ಒಂದು ಮಾಲೀಕರ ಮಗ ನಡೆಸುವುದು. ಒಂದು ಕೆಲಸ ಬಿಟ್ಟುಹೋದ ಹುಡುಗ ಮಾಡಿದ್ದು, ಅದರ ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ. ಮೂರನೆಯದನ್ನು ಯಾರೂ ಮಾಡಿರಲಿಲ್ಲ. ಅತಿಥಿಗಳು "ಇಲ್ಲಿದ್ದೇವೆ" ಎಂದು ಚೆಕ್‌ಇನ್ ಹಾಕುತ್ತಾ ಹೋದಾಗ ತಾನಾಗಿ ಹುಟ್ಟಿದ ಪುಟ ಅದು. ಜೊತೆಗೆ ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್ಸ್‌ನ ನಮೂದು, ವಾಟ್ಸ್‌ಆ್ಯಪ್ ಬಿಸಿನೆಸ್ಸಿನ ಕ್ಯಾಟಲಾಗು, ಮದುವೆ ಏರ್ಪಾಡಿನ ಎರಡು ಬೇರೆ ಜಾಲತಾಣ. ಅಚ್ಚಿನಲ್ಲಿ ಮೂರು ಮಡಿಕೆಯ ಕರಪತ್ರ, ಆಫೀಸಿನ ಮೇಜಿನ ಮೇಲೆ ಲ್ಯಾಮಿನೇಟ್ ಮಾಡಿದ ದರಪಟ್ಟಿ, ಹೆದ್ದಾರಿಯ ಬೋರ್ಡು, ಪ್ರತಿ ಯುಗಾದಿಗೆ ಹಂಚುವ ಗೋಡೆ ಕ್ಯಾಲೆಂಡರು. ಕೊನೆಗೆ ರಸೀದಿ ಪುಸ್ತಕ. ರಸೀದಿಯನ್ನು ಯಾರೂ ಪ್ರಚಾರ ಎಂದುಕೊಳ್ಳುವುದಿಲ್ಲ. ಆದರೆ ಅದರ ಹಿಂಬದಿಯ ಸಣ್ಣ ಅಕ್ಷರದ ಷರತ್ತು, ಮುಂಬದಿಯ ಬಣ್ಣದ ಮಾತಿಗೆ ವಿರುದ್ಧವಾಗಿ ನಿಲ್ಲುವುದು ಹೆಚ್ಚು. ಹಾಗಾಗಿ ನಾನು ಅದನ್ನು ಯಾವಾಗಲೂ ಸೇರಿಸಿಕೊಳ್ಳುತ್ತೇನೆ.

ಇನ್ನು ಓದುವ ಕೆಲಸ. ಈ ಕೆಲಸಕ್ಕೆ ಹೊಸಬರಾದವರು ಮಾಡುವ ತಪ್ಪೆಂದರೆ ಒಂದೊಂದೇ ಪುಟ ತೆರೆದು, ಚೆನ್ನಾಗಿದೆಯೋ ಇಲ್ಲವೋ ಎಂದು ಗುರುತು ಹಾಕುತ್ತಾ ಹೋಗುವುದು. ಒಂದೇ ಪುಟವನ್ನು ನೋಡಿದರೆ ವಿರೋಧ ಎಂದೂ ಕಾಣುವುದಿಲ್ಲ. "600 ಜನರಿಗೆ ಆಸನ ವ್ಯವಸ್ಥೆ" ಎನ್ನುವ ಕರಪತ್ರದಲ್ಲಿ ಏನು ತಪ್ಪಿದೆ? ಏನೂ ಇಲ್ಲ. "1000 ಜನರ ಭವ್ಯ ಸಭಾಂಗಣ" ಎನ್ನುವ ಮುಖಪುಟವೂ ಓದಲು ಚೆಂದವಾಗಿಯೇ ಇದೆ. ತಪ್ಪು ಇರುವುದು ಎರಡರ ನಡುವೆ. ಅದಕ್ಕೇ ನಾನು ಪುಟ ಓದುವುದಿಲ್ಲ, ಪುಟದೊಳಗಿನ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತೇನೆ. ಎಕ್ಸೆಲ್ ಹಾಳೆಯಲ್ಲಿ ಒಂದು ಸಂಗತಿಗೆ ಒಂದು ಸಾಲು: ಎಷ್ಟು ಜನ, ಎಷ್ಟು ಕೋಣೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಬಾಡಿಗೆ, ತೆರಿಗೆ, ಹೊರಗಿನ ಅಡುಗೆಯವರನ್ನು ಬಿಡುತ್ತಾರೋ ಇಲ್ಲವೋ, ಜನರೇಟರ್, ಮುಂಗಡ ವಾಪಸು. ಒಂದೊಂದು ಜಾಗಕ್ಕೆ ಒಂದು ಕಂಬಸಾಲು: ಮುಖಪುಟ, ಕರಪತ್ರ, ಫೇಸ್‌ಬುಕ್, ರಸೀದಿ ಹೀಗೆ. ಯಾವ ಜಾಗದಲ್ಲಿ ಏನು ಬರೆದಿದೆಯೋ ಅದೇ ಪದಗಳಲ್ಲಿ ತುಂಬಬೇಕು. ಇಲ್ಲಿ 23 ಸಂಗತಿಗಳಾದವು. ಹಾಳೆ ತುಂಬಿದ ಮೇಲೆ ಒಂದೊಂದು ಸಾಲನ್ನು ಅಡ್ಡಲಾಗಿ ಓದಿಕೊಂಡು ಹೋದರೆ ಸಾಕು. ತಾಳೆಯಾಗದ್ದು ಕಣ್ಣಿಗೆ ರಾಚುತ್ತದೆ. ಒಂಬತ್ತು ಸಾಲುಗಳು ತಾಳೆಯಾಗಲಿಲ್ಲ.

ಕನ್ನಡದಲ್ಲಿ ಈ ಹಾಳೆ ತುಂಬುವಾಗ ಇಂಗ್ಲಿಷಿನವರಿಗಿಲ್ಲದ ತೊಡಕುಗಳು ಎದುರಾಗುತ್ತವೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಕರಪತ್ರ, ಲಗ್ನಪತ್ರಿಕೆಗಳನ್ನು ಈಗಲೂ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡುವವರಿದ್ದಾರೆ, ಯೂನಿಕೋಡಿನಲ್ಲಲ್ಲ. ಅಂಥ ಪಿಡಿಎಫ್ ಕಣ್ಣಿಗೆ ಅಚ್ಚಗನ್ನಡ. ಆದರೆ ಅದರಿಂದ "ಕನ್ನಡ" ಎಂಬ ಪದವನ್ನು ನಕಲಿಸಿ ಹಾಳೆಗೆ ಅಂಟಿಸಿದರೆ ಬರುವುದು `PÀ£ÀßqÀ`. ಕಂಪ್ಯೂಟರಿನ ಹುಡುಕಾಟಕ್ಕೆ ಅದು ಕನ್ನಡವೇ ಅಲ್ಲ. "ಬಾಡಿಗೆ" ಎಂದು ಹುಡುಕಿ, ಎಲ್ಲೂ ಸಿಗಲಿಲ್ಲ, ಆದ್ದರಿಂದ ಸಮಸ್ಯೆಯಿಲ್ಲ ಎಂದುಕೊಂಡರೆ ಮೋಸಹೋಗುತ್ತೇವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಳ್ಳಬೇಕು, ಆಮೇಲೂ ಮೂಲದ ಪಕ್ಕ ಇಟ್ಟುಕೊಂಡು ಒಮ್ಮೆ ಓದಬೇಕು.

ಅಂಕಿಗಳದ್ದು ಇನ್ನೊಂದು ಕಥೆ. ಒಂದು ಕಡೆ 600, ಇನ್ನೊಂದು ಕಡೆ ೬೦೦, ಮತ್ತೊಂದು ಕಡೆ "ಆರುನೂರು". ಒಂದನ್ನು ಹುಡುಕಿದಾಗ ಉಳಿದವು ಸಿಗುತ್ತವೆಂದು ನಂಬುವಂತಿಲ್ಲ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ ಇರುವುದರಿಂದ, ಸೊನ್ನೆಯ ಬದಲು ಅನುಸ್ವಾರ ಒತ್ತಿಬಿಡುವವರೂ ಇದ್ದಾರೆ. ಈ ಛತ್ರದ ಒಂದು ಪುಟದಲ್ಲಿ ೬೦೦ ಹಾಗೇ ಆಗಿತ್ತು. ಕಣ್ಣಿಗೆ ಆರುನೂರು, ಯಂತ್ರಕ್ಕೆ ಆರರ ಮುಂದೆ ಎರಡು ಚುಕ್ಕೆ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪೋಸ್ಟರುಗಳು ಬರೀ ಚಿತ್ರ, ಅವನ್ನು ಒಂದೊಂದಾಗಿ ತೆರೆದು ನೋಡದೆ ಗತಿಯಿಲ್ಲ. ಹೀಗಾಗಿ ಈ ಕೆಲಸದ ಅರ್ಧವನ್ನು ಇಂದಿಗೂ ನಾನು ಪೆನ್ಸಿಲ್ ಹಿಡಿದೇ ಮಾಡುತ್ತೇನೆ.

ತಾಳೆಯಾಗದ ಒಂಬತ್ತರಲ್ಲಿ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ: ಎಷ್ಟು ಜನ ಎಂಬುದು. ಮುಖಪುಟದಲ್ಲಿ 1000. ಫೇಸ್‌ಬುಕ್ಕಿನಲ್ಲಿ 800. ಕರಪತ್ರದಲ್ಲಿ 600. ಮದುವೆ ಜಾಲತಾಣದಲ್ಲಿ 300. ಮಾಲೀಕರು ನೋಡಿದವರೇ "ಮೂರು ತಪ್ಪು, ಒಂದು ಸರಿ. ಯಾವುದು ಸರಿ ಅಂತ ಹೇಳಿ, ಉಳಿದದ್ದು ಹೊಡೆದುಹಾಕೋಣ" ಎಂದರು.

ಹೊಡೆದುಹಾಕುವ ಮೊದಲು ಒಂದೊಂದು ಅಂಕಿ ಎಲ್ಲಿಂದ ಬಂತೆಂದು ಕೇಳುತ್ತಾ ಹೋದೆವು. 600 ಎಂದರೆ ಹಾಲಿನ ಕುರ್ಚಿ. 800 ಎಂದರೆ ಹಾಲಿನ ಕುರ್ಚಿಗೆ ಬಾಲ್ಕನಿಯದನ್ನೂ ಕೂಡಿಸಿದ್ದು. 300 ಎಂದರೆ ಊಟದ ಮನೆಯಲ್ಲಿ ಒಂದು ಪಂಕ್ತಿಗೆ ಹಾಕುವ ಎಲೆ. ಆ ಜಾಲತಾಣದವರು ಫೋನ್ ಮಾಡಿದ್ದಾಗ ಎತ್ತಿಕೊಂಡದ್ದು ಊಟದ ಮನೆಯ ಮೇಲ್ವಿಚಾರಕರು, ಅವರಿಗೆ "ಎಷ್ಟು ಜನ" ಎಂದರೆ ಎಲೆಯ ಲೆಕ್ಕವೇ. 1000 ಎಂದರೆ ಆರತಕ್ಷತೆಯ ಸಂಜೆ ಬಂದು ಹೋಗುವವರೆಲ್ಲ ಸೇರಿ. ಅಂದರೆ ನಾಲ್ಕೂ ಅಂಕಿಗಳು ಹುಟ್ಟಿದ ದಿನ ನಿಜವೇ ಆಗಿದ್ದವು. ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿದ್ದವು. ಪ್ರಶ್ನೆ ಬಿದ್ದುಹೋಗಿ ಉತ್ತರ ಮಾತ್ರ ಉಳಿದಿತ್ತು. ನಾನು ನೋಡಿದ ವಿರೋಧಗಳಲ್ಲಿ ಇಂಥವೇ ಹೆಚ್ಚು. ಯಾರೋ ಸುಳ್ಳು ಬರೆದದ್ದು ಅಪರೂಪ.

ನಿಜವಾಗಿದ್ದವು ಎಂದೆ. ಈಗಲೂ ನಿಜವೇ ಎಂದು ನೋಡಲು ಹಾಲಿಗೆ ಹೋಗಿ ಎಣಿಸಿದೆವು. ಹಳೆಯ ಲೆಕ್ಕ ಸಾಲಿಗೆ 30ರಂತೆ 20 ಸಾಲು. ಈಗ ಇದ್ದದ್ದು 18. ನವೀಕರಣದಲ್ಲಿ ವೇದಿಕೆಯನ್ನು ಮುಂದಕ್ಕೆ ತಂದಾಗ ಎರಡು ಸಾಲು ಹೋಗಿದ್ದವು. 600 ಹೋಗಿ 540 ಆಗಿತ್ತು, ಕರಪತ್ರಕ್ಕೆ ಗೊತ್ತಿರಲಿಲ್ಲ. ಬಾಲ್ಕನಿಯಲ್ಲಿ 150. ಊಟದ ಮನೆಯಲ್ಲಿ 36 ಎಲೆಯ ಎಂಟು ಸಾಲು, ಒಟ್ಟು 288.

ಊಟದ ಮನೆಯಲ್ಲಿ ನಿಂತಿದ್ದಾಗ ಹಾಳೆಯ ಎರಡು ಸಾಲುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಕಾಣಿಸಿತು. ಮುಖಪುಟದ ಮಾತು ನಂಬಿ ಒಬ್ಬರು 1000 ಜನರನ್ನು ಕರೆದರೆನ್ನಿ. ಪಂಕ್ತಿಗೆ 288ರಂತೆ ನಾಲ್ಕು ಪಂಕ್ತಿ ಬೇಕು. ಎಲೆ ಹಾಕಿ, ಬಡಿಸಿ, ಎತ್ತಿ, ಒರೆಸಿ ಮತ್ತೆ ಎಲೆ ಹಾಕುವುದಕ್ಕೆ ಒಂದು ಪಂಕ್ತಿಗೆ ಮುಕ್ಕಾಲು ಗಂಟೆ ಎಂದರು ಮೇಲ್ವಿಚಾರಕರು. ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂತರೆ ಕೊನೆಯದು ಏಳುವಾಗ ಮೂರೂವರೆ. ಆದರೆ ರಸೀದಿಯ ಹಿಂದೆ "ಮದುವೆಯ ದಿನ ಮಧ್ಯಾಹ್ನ 3ಕ್ಕೆ ಖಾಲಿ ಮಾಡತಕ್ಕದ್ದು" ಎಂದಿದೆ. ಪ್ರಚಾರದಲ್ಲಿ ಕೊಟ್ಟ ಜನಸಂಖ್ಯೆಯನ್ನು ಷರತ್ತಿನಲ್ಲಿ ಕೊಟ್ಟ ಸಮಯದೊಳಗೆ ಉಣಿಸಲು ಸಾಧ್ಯವೇ ಇರಲಿಲ್ಲ. ಅಂದು ಲಾರಿ ಬಂದಾಗ ಒಳಗಿನ ಪಂಕ್ತಿ ಎದ್ದಿರಲಿಲ್ಲ ಎಂದೆನಲ್ಲ, ಆ ಮದುವೆಯವರೂ ಸಾವಿರದ ಲೆಕ್ಕದಲ್ಲೇ ಕರೆದಿದ್ದರಂತೆ. ಅವರನ್ನೂ ಆವತ್ತು ಮ್ಯಾನೇಜರ್ ಅವಸರಪಡಿಸಿದ್ದರು.

ಸಮಯದ ಸಾಲಿನಲ್ಲಿ ಇನ್ನೊಂದು ಗಂಟು. ವೆಬ್‌ಸೈಟಿನಲ್ಲಿ "24 ಗಂಟೆಗಳ ಬಾಡಿಗೆ" ಎಂದಿತ್ತು. ರಸೀದಿಯ ಪ್ರಕಾರ ಹಿಂದಿನ ದಿನ ಸಂಜೆ 4ರಿಂದ ಮದುವೆಯ ದಿನ ಮಧ್ಯಾಹ್ನ 3ರವರೆಗೆ, ಬೆರಳು ಮಡಿಸಿ ಎಣಿಸಿದರೆ 23. ಆ ಒಂದು ಗಂಟೆ ತೊಳೆಯುವುದಕ್ಕೆ. ಫೇಸ್‌ಬುಕ್ಕಿನ ಎರಡು ಗಂಟೆ ಎಲ್ಲಿಂದ ಬಂತು? ಪೋಸ್ಟಿನ ದಿನಾಂಕ ನೋಡಿದರೆ 2020ರ ಕೊನೆ. ಕೊರೊನಾ ವರ್ಷ, ಮದುವೆಗೆ 50 ಜನ ಮಾತ್ರ ಎಂಬ ನಿಯಮ ಕಂಡ ವರ್ಷ. ಛತ್ರಕ್ಕೆ ಬೆನ್ನಿಗೆ ಬೆನ್ನು ಮದುವೆಗಳೇ ಇರಲಿಲ್ಲ. ಎರಡು ಗಂಟೆ ಮುಂಚೆಯೇ ಬನ್ನಿ ಎಂದು ಪ್ರೀತಿಯಿಂದ ಕರೆದ ಪೋಸ್ಟ್ ಅದು. ಆಗ ಅದನ್ನು ಪುಟದ ತುದಿಯಲ್ಲಿ ಪಿನ್ ಮಾಡಿಟ್ಟವರು ತೆಗೆಯಲು ಮರೆತರು. ಮದುವೆಗಳು ಮರಳಿ ಬಂದವು, ಪೋಸ್ಟ್ ಅಲ್ಲೇ ಇತ್ತು.

ಹಳತಾದ ಮಾತನ್ನು ಪತ್ತೆಹಚ್ಚುವುದಕ್ಕೆ ಪುಟದ ದಿನಾಂಕ ಒಂದನ್ನೇ ನಂಬಬಾರದು. ಒಂದು ಚಿತ್ರ ಬದಲಿಸಿದರೂ "ಇತ್ತೀಚೆಗೆ ಪರಿಷ್ಕರಿಸಿದ್ದು" ಎಂದು ಇವತ್ತಿನ ದಿನಾಂಕ ಕೂರುತ್ತದೆ, ಒಳಗಿನ ಮಾತು ಎಂಟು ವರ್ಷದ ಹಿಂದಿನದೇ ಇರಬಹುದು. ಮಾತೇ ತನ್ನ ವಯಸ್ಸು ಹೇಳುತ್ತದೆ. ಇಲ್ಲಿ ಒಂದು ಬ್ರೋಷರಿನಲ್ಲಿ "ಸೇವಾ ತೆರಿಗೆ ಪ್ರತ್ಯೇಕ" ಎಂದಿತ್ತು. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು, ಸೇವಾ ತೆರಿಗೆ ಅಲ್ಲಿಗೆ ಮುಗಿಯಿತು. ಹಾಗಾದರೆ ಈ ಕಾಗದ ಅದಕ್ಕೂ ಹಿಂದಿನದು, ಅದರ ಬಾಡಿಗೆಯೂ ಆ ಕಾಲದ್ದು. ಇನ್ನೊಂದರ ಮೂಲೆಯಲ್ಲಿ ಗೂಗಲ್ ಪ್ಲಸ್‌ನ ಕೆಂಪು ಗುರುತು, ಆ ತಾಣ ಜನಸಾಮಾನ್ಯರಿಗೆ ಮುಚ್ಚಿದ್ದು 2019ರ ಏಪ್ರಿಲ್‌ನಲ್ಲಿ. ಜಿಲ್ಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಹಳೆಯ ಕಾಗುಣಿತದಲ್ಲಿ ಬರೆದಿದ್ದರೆ, 2014ರ ನವೆಂಬರ್ 1ಕ್ಕೆ ಮುಂಚಿನದಿರಬಹುದೆಂಬ ಸಂಶಯ ಬರಬೇಕು. ಅಂದು ಬೆಂಗಳೂರಿನ ಜೊತೆ ತುಮಕೂರೂ ಸೇರಿದಂತೆ ಹಲವು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಅಭ್ಯಾಸಬಲದಿಂದ ಹಳೆಯದನ್ನೇ ಬರೆಯುವವರು ಇನ್ನೂ ಇದ್ದಾರೆ, ಆದ್ದರಿಂದ ಇದು ಸುಳಿವು ಮಾತ್ರ. ಯಾವ ಮಾತು ಯಾವಾಗ ಬದಲಾಯಿತೆಂದು ತಿಳಿಯಬೇಕಾದರೆ web.archive.org ಎಂಬಲ್ಲಿ ವೆಬ್‌ಸೈಟಿನ ವಿಳಾಸ ಕೊಟ್ಟು ನೋಡಬಹುದು. ಬೇರೆ ಬೇರೆ ದಿನಗಳಲ್ಲಿ ತೆಗೆದಿಟ್ಟ ಹಳೆಯ ಪ್ರತಿಗಳು, ಇದ್ದರೆ, ಅಲ್ಲಿ ಸಿಗುತ್ತವೆ. ಬುಕಿಂಗ್ ಮಾಡಿದ ದಿನ ಪುಟದಲ್ಲಿ ಏನಿತ್ತು ಎಂಬ ಜಗಳಕ್ಕೆ ಇದು ಹಲವು ಸಲ ಉತ್ತರ ಕೊಟ್ಟಿದೆ.

ಕೆಲವು ಪದಗಳು ಬರೆದ ದಿನದಿಂದಲೇ ಹಳಸಲು ಶುರುವಾಗುತ್ತವೆ. "ಹೊಸದಾಗಿ ನಿರ್ಮಿಸಿರುವ", "ಸದ್ಯದಲ್ಲೇ ಲಿಫ್ಟ್ ಬರಲಿದೆ", "25 ವರ್ಷಗಳ ಸೇವೆ". ಈ ಛತ್ರ ಒಂದು ಕಡೆ 25, ಇನ್ನೊಂದು ಕಡೆ 30 ವರ್ಷದ್ದಾಗಿತ್ತು. ಶುರುವಾದ ಇಸವಿ ಬರೆದುಬಿಟ್ಟರೆ ಅದನ್ನು ಮತ್ತೆ ಮುಟ್ಟಬೇಕಿಲ್ಲ. "ಬಸ್ ನಿಲ್ದಾಣದಿಂದ ಒಂದು ಕಿ.ಮೀ." ಎಂಬ ಮಾತು ಬಸ್ ನಿಲ್ದಾಣ ಊರಾಚೆಗೆ ಹೋದಾಗ ಕೆಟ್ಟಿತ್ತು. ಛತ್ರ ಇದ್ದಲ್ಲೇ ಇದ್ದರೂ ಅದರ ಬಗೆಗಿನ ಮಾತು ಹಳತಾಗಬಹುದು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ತಡೆದು ನಿಲ್ಲಿಸಿದ್ದು ಜನರೇಟರಿನ ಸಾಲು. ಅದರಲ್ಲಿ ವಿರೋಧವೇ ಇರಲಿಲ್ಲ. ಎಲ್ಲ ಕಡೆಯೂ "ಸಂಪೂರ್ಣ ಹವಾನಿಯಂತ್ರಿತ ಸಭಾಂಗಣ, ಜನರೇಟರ್ ಸೌಲಭ್ಯ" ಎಂದೇ ಇತ್ತು. ಎಲ್ಲ ಕಡೆ ಒಂದೇ ಇದೆ, ಮುಂದಕ್ಕೆ ಹೋಗೋಣ ಎಂದು ಬಿಡುವವನಿದ್ದೆ. ರೂಢಿಗೆಂದು ಎಲೆಕ್ಟ್ರಿಷಿಯನ್‌ನನ್ನು ಕರೆದು ಕೇಳಿದೆ. "ಏಸಿ ಜನರೇಟರ್ ಮೇಲೆ ಓಡಲ್ಲ ಸಾರ್. ಲೈಟು, ಫ್ಯಾನು, ಮೈಕು, ನೀರಿನ ಮೋಟಾರು, ಅಷ್ಟೆ" ಎಂದ. ಏಸಿ ಇದೆ, ನಿಜ. ಜನರೇಟರ್ ಇದೆ, ನಿಜ. ಎರಡನ್ನೂ ಒಂದೇ ಉಸಿರಿಗೆ ಓದಿದ ಯಾರೇ ಆದರೂ ಕರೆಂಟು ಹೋದರೂ ಏಸಿ ಇರುತ್ತದೆಂದೇ ತಿಳಿಯುತ್ತಾರೆ. ಮೇ ತಿಂಗಳ ಮುಹೂರ್ತದಲ್ಲಿ 540 ಜನ ಮುಚ್ಚಿದ ಹಾಲಿನಲ್ಲಿ ಕೂತಿರುವಾಗ ಅದು ಸಣ್ಣ ಸಂಗತಿಯಲ್ಲ. ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ದಾರಿ ತಪ್ಪಿಸುವ ಜಾಹೀರಾತು ಎಂದರೇನೆಂದು ಹೇಳುವಾಗ ಸುಳ್ಳು ವರ್ಣನೆಯನ್ನು ಮಾತ್ರವಲ್ಲ, ಮುಖ್ಯವಾದ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನೂ ಸೇರಿಸಿದೆ. ಇವರು ಬೇಕೆಂದು ಮಾಡಿರಲಿಲ್ಲ. ಆದರೆ ಗೊತ್ತಾದ ಮೇಲೂ ಹಾಗೇ ಬಿಟ್ಟರೆ ಆ ಮಾತನ್ನು ಹೇಳುವುದು ಕಷ್ಟ. ಎಲ್ಲ ಕಡೆ ಒಂದೇ ಥರ ಇರುವುದು ಸರಿಯಾಗಿರುವುದಕ್ಕೆ ಸಾಕ್ಷಿಯಲ್ಲ ಎಂಬ ಈ ಪಾಠಕ್ಕೆ ಯಾವ ಎಕ್ಸೆಲ್ ಹಾಳೆಯೂ ಒದಗುವುದಿಲ್ಲ. ಆ ವಸ್ತುವಿನ ಹತ್ತಿರ ನಿತ್ಯ ಕೆಲಸ ಮಾಡುವವರನ್ನೇ ಕೇಳಬೇಕು.

ಒಂದೇ ಮಾತು ಎರಡೆರಡು ಕಡೆ ಇರುವ ಬಗ್ಗೆ ಜನರಲ್ಲಿ ಒಂದು ತಪ್ಪು ಭಯವಿದೆ. ನಕಲು ಪುಟಗಳಿದ್ದರೆ ಗೂಗಲ್ ದಂಡ ಹಾಕುತ್ತದಂತೆ ಎನ್ನುತ್ತಾರೆ. ಮೋಸ ಮಾಡುವ ಉದ್ದೇಶವಿಲ್ಲದ ನಕಲಿಗೆ ದಂಡವಿಲ್ಲವೆಂದು ಗೂಗಲ್ಲೇ ಹೇಳಿದೆ. ಅದು ಮಾಡುವುದಿಷ್ಟು: ಒಂದೇ ಥರದ ಪುಟಗಳಲ್ಲಿ ತನಗೆ ಮುಖ್ಯವೆನಿಸಿದ ಒಂದನ್ನು ಆರಿಸಿ ತೋರಿಸುತ್ತದೆ. ನಮ್ಮ ತೊಂದರೆ ಇರುವುದು ಅಲ್ಲೇ. ನಾವು ತಿದ್ದಿದ್ದು ಒಂದನ್ನು, ಅದು ಆರಿಸಿದ್ದು ಇನ್ನೊಂದನ್ನು ಆಗಿರಬಹುದು. ಇಲ್ಲಿ ಊಟದ ಮನೆಯ ಬಗ್ಗೆಯೇ ಎರಡು ಪುಟ ಇದ್ದವು, ಒಂದು ಹಳೆಯ "ಮಿನಿ ಹಾಲ್" ಹೆಸರಿನದು. ದರ ಏರಿಸಿದಾಗ ಹೊಸ ಪುಟವನ್ನಷ್ಟೇ ತಿದ್ದಿದ್ದರು. ಹುಡುಕಿದವರಿಗೆ ಸಿಗುತ್ತಿದ್ದುದು ಹಳೆಯದು.

ಹಳೆಯ ಪುಟವನ್ನು ಸುಮ್ಮನೆ ಅಳಿಸಿದರೆ, ಯಾರೋ ಕಳಿಸಿದ ಲಿಂಕ್ ಒತ್ತಿ ಬಂದವರಿಗೆ "ಪುಟ ಸಿಗಲಿಲ್ಲ" ಎಂದು ಬರುತ್ತದೆ. ಅದರ ಬದಲು ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸುವ ಏರ್ಪಾಡು ಮಾಡಬೇಕು. ಅಪಾಚೆ ಸರ್ವರಿನ ಸೈಟಾದರೆ .htaccess ಎಂಬ ಫೈಲಿನಲ್ಲಿ ಸಾಲಿಗೊಂದರಂತೆ ಹೀಗೆ ಬರೆಯುತ್ತಾರೆ:

```
Redirect 301 /mini-hall.html /dining-hall/
Redirect 301 /wp-content/uploads/2017/03/brochure.pdf /tariff/
```

301 ಎಂದರೆ "ಶಾಶ್ವತವಾಗಿ ಅಲ್ಲಿಗೆ ಹೋಗಿದೆ" ಎಂದರ್ಥ. ಎರಡನೆಯ ಸಾಲು ಆ ಹಳೆಯ ಬ್ರೋಷರಿನ ವಿಳಾಸ ಒತ್ತಿದವರನ್ನು ಇಂದಿನ ದರದ ಪುಟಕ್ಕೆ ತಂದು ನಿಲ್ಲಿಸುತ್ತದೆ. ಫೇಸ್‌ಬುಕ್ಕಿನಲ್ಲಿ ತಾನಾಗಿ ಹುಟ್ಟಿದ ಪುಟವನ್ನು ನಮ್ಮದೆಂದು ಕೇಳಿ ಪಡೆದು ಮುಖ್ಯ ಪುಟಕ್ಕೆ ಸೇರಿಸಿಕೊಂಡೆವು. ಹೆಸರು ಮತ್ತು ವಿಳಾಸ ಹೊಂದಿಕೆಯಾಗುತ್ತಿದ್ದುದರಿಂದ ಅದು ಸಾಧ್ಯವಾಯಿತು. ಪಾಸ್‌ವರ್ಡ್ ಇಲ್ಲದ ಪುಟಕ್ಕೆ ಮಾತ್ರ ಮ್ಯಾನೇಜರ್ ಆ ಹುಡುಗನ ಊರಿಗೇ ಹೋಗಿ ಬರಬೇಕಾಯಿತು.

ಇಷ್ಟಾದ ಮೇಲೆ ಬರವಣಿಗೆಗೆ ಕೈ ಹಾಕಿದ್ದು. ಅದೂ ಬ್ರೋಷರ್ ಅಲ್ಲ, ಒಂದೇ ಹಾಳೆ. ಮೇಲಿನ 23 ಸಂಗತಿ, ಒಂದೊಂದರ ಎದುರು ಇಂದಿನ ನಿಜ, ಅದನ್ನು ಹೇಳಬೇಕಾದವರು ಯಾರು, ಅದು ಎಲ್ಲೆಲ್ಲಿ ಅಚ್ಚಾಗಿದೆ. ಜನಸಂಖ್ಯೆಯ ಎದುರು "ಹಾಲಿನಲ್ಲಿ 540 ಕುರ್ಚಿ, ಬಾಲ್ಕನಿಯಲ್ಲಿ 150, ಊಟಕ್ಕೆ ಪಂಕ್ತಿಗೆ 288 ಎಲೆ" ಎಂದು ಬರೆದೆವು. ಸಾವಿರ ಎಂಬ ಪದ ಹೋಯಿತು. ಮಾಲೀಕರಿಗೆ ಅದನ್ನು ಬಿಟ್ಟುಕೊಡಲು ಮನಸ್ಸೇ ಇರಲಿಲ್ಲ. ಎದುರಿನ ರಸ್ತೆಯ ಛತ್ರದವರು 1200 ಎಂದು ಹಾಕಿದ್ದಾರೆ ಎಂದರು. ನಾನು ಊಟದ ಲೆಕ್ಕವನ್ನು ಮತ್ತೊಮ್ಮೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಕ್ತಿ ಲೆಕ್ಕ ಹಾಕಿಬಿಡಿ. ಅಡುಗೆಯವರಿಗೂ ಅನುಕೂಲ" ಎಂದರು. ಏಸಿಯ ಎದುರು "ವಿದ್ಯುತ್ ಹೋದಾಗ ಏಸಿ ಇರುವುದಿಲ್ಲ, ಫ್ಯಾನ್ ಮತ್ತು ದೀಪ ಇರುತ್ತವೆ" ಎಂದು ಬಂತು. ಮುಂದೆ ಏನೇ ಬದಲಾದರೂ ಮೊದಲು ತಿದ್ದುವುದು ಈ ಹಾಳೆಯನ್ನು, ಆಮೇಲೆ ಅದರಲ್ಲಿ ಬರೆದಿರುವ ಜಾಗಗಳನ್ನು ಒಂದೊಂದಾಗಿ.

ಎಲ್ಲವನ್ನೂ ತಿದ್ದಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಗೋಡೆ ಕ್ಯಾಲೆಂಡರುಗಳು ಮನೆಮನೆಯಲ್ಲಿ ನೇತಾಡುತ್ತಿವೆ, ಮುಂದಿನ ಯುಗಾದಿಯವರೆಗೆ ಅವು ಹಳೆಯ ದೂರವಾಣಿ ಸಂಖ್ಯೆಯನ್ನೇ ಹೇಳುತ್ತವೆ. ಹಾಗಾಗಿ ಆ ಸಂಖ್ಯೆಯನ್ನು ರದ್ದು ಮಾಡದೆ ಹೊಸದಕ್ಕೆ ಕರೆ ತಿರುಗಿಸಿಟ್ಟೆವು. ಗೂಗಲ್ ಮ್ಯಾಪ್ಸ್‌ನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಅದನ್ನು ತಿಂಗಳಿಗೊಮ್ಮೆ ನೋಡುವುದು ಮಾಲೀಕರ ಮಗನ ಪಾಲಿಗೆ ಬಂತು. ಮದುವೆ ಜಾಲತಾಣಗಳಲ್ಲಿ ಒಂದು ತಿದ್ದಿತು, ಇನ್ನೊಂದು ಇನ್ನೂ 300 ಎಂದೇ ಹೇಳುತ್ತಿದೆ.

ಇನ್ನು ಹಳೆಯ ಮಾತು ನಂಬಿ ಆಗಲೇ ಮುಂಗಡ ಕೊಟ್ಟವರು. ಲೆಕ್ಕ ನೋಡಿದಾಗ ಮುಂದಿನ ನಾಲ್ಕು ತಿಂಗಳಲ್ಲಿ 14 ಮದುವೆಗಳಿದ್ದವು. ವೆಬ್‌ಸೈಟ್ ತಿದ್ದಿದ ಮಾತ್ರಕ್ಕೆ ಅವರು ಓದಿದ್ದು ಬದಲಾಗುವುದಿಲ್ಲವಲ್ಲ. ಮ್ಯಾನೇಜರ್ ಒಬ್ಬೊಬ್ಬರಿಗೂ ಫೋನ್ ಮಾಡಿ ಮೂರೇ ವಿಷಯ ಓದಿ ಹೇಳಿದರು: ಛತ್ರ ಕೊಡುವ ಹೊತ್ತು, ಪಂಕ್ತಿಯ ಎಲೆ, ಏಸಿ. ನಾನು ಪಕ್ಕದಲ್ಲೇ ಕೂತಿದ್ದೆ. ಹೆಚ್ಚಿನವರು ಸರಿ ಎಂದರು. ಇಬ್ಬರು ಊಟವನ್ನು ಅರ್ಧ ಗಂಟೆ ಮುಂಚೆ ಶುರುಮಾಡುತ್ತೇವೆ ಎಂದರು. ಒಂಬತ್ತನೆಯ ಕರೆಯಲ್ಲಿ ಹೆಂಗಸೊಬ್ಬರು, "ಅಯ್ಯೋ, ನಾವು ಎರಡು ಗಂಟೆ ಅಂತಲೇ ಅಡುಗೆಯವರಿಗೆ ಹೇಳಿದೀವಲ್ಲಪ್ಪ, ಸಂಜೆ ವರಪೂಜೆಗೆ ಹೋಳಿಗೆ ಮಾಡಿಸ್ಬೇಕು" ಎಂದರು. ಮ್ಯಾನೇಜರ್ ಫೋನಿಗೆ ಕೈ ಅಡ್ಡ ಹಿಡಿದು ಮಾಲೀಕರ ಮುಖ ನೋಡಿದರು. ಮಾಲೀಕರು ಬುಕಿಂಗ್ ಪುಸ್ತಕ ತಿರುವಿದರು. ಹಿಂದಿನ ದಿನ ಯಾವ ಮದುವೆಯೂ ಇರಲಿಲ್ಲ.

"ಎರಡಕ್ಕೇ ಬರಲಿ ಅನ್ನು. ರಸೀದಿ ಮೇಲೆ ಬರೆದು ಸಹಿ ಮಾಡಿ ಫೋಟೋ ಕಳಿಸು" ಎಂದರು.